ಕುಗ್ಗಿದ ಕೋಶದ ಖಾಲಿ ಜಾಗದಲ್ಲಿ ಏನಿರುತ್ತದೆ?

"ಮಗಳು ಪ್ಲಸ್ ವನ್, ನಾವು ಕುಂಬಳೆಯವರು. ವರ್ಕ್‌ಶೀಟಿನಲ್ಲಿ ಒಂದು ಪ್ರಶ್ನೆ: ಜೀವಂತ ಎಲೆಯ ಕೋಶವನ್ನು ಗಟ್ಟಿ ಉಪ್ಪುನೀರಿನಲ್ಲಿಟ್ಟಾಗ ಪೊರೆ ಕುಗ್ಗಿ ಗೋಡೆಯಿಂದ ಬಿಡುತ್ತದೆ. ನಡುವಿನ ಜಾಗದಲ್ಲಿ ಏನಿರುತ್ತದೆ? ಎ) ಗಾಳಿ ಬಿ) ಶುದ್ಧ ನೀರು ಸಿ) ಹೊರಗಿನ ಉಪ್ಪುನೀರು ಡಿ) ಕೋಶದ ರಸ. ಉತ್ತರ ಸಿ ಅಂತ ಗೊತ್ತು. ಉಳಿದ ಮೂರು ಯಾಕೆ ತಪ್ಪು ಅಂತಲೂ ಬರೆಯಬೇಕಂತೆ. ಹೇಗೆ ಬರೆಯುವುದು?"

ನಾನು ಬದಿಯಡ್ಕದ ಹತ್ತಿರ ಟ್ಯೂಷನ್ ಕೊಡುತ್ತೇನೆ. ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಯಾಕೆಂದರೆ ಮೂರು ತಪ್ಪು ಉತ್ತರಕ್ಕೂ ಬೇರೆ ಬೇರೆ ಕಾರಣ ಇದೆ. "ಸಿ ಸರಿ, ಆದ್ದರಿಂದ ಎ ತಪ್ಪು" ಅಂತ ಬರೆದರೆ ಅದು ಕಾರಣವೇ ಅಲ್ಲ.

ಮೊದಲು ಸಿ. ಗೋಡೆ ಬೇರೆ, ಪೊರೆ ಬೇರೆ. ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು ಪ್ಲಸ್ ವನ್‌ಗೆ ಬಂದು ಇಂಗ್ಲಿಷ್ ಶಬ್ದ ಕಲಿಯುವಾಗ ಇವೆರಡನ್ನೂ ಒಂದೇ ಮಾಡಿಬಿಡುತ್ತಾರೆ. ಗೋಡೆ ನಮ್ಮ ಬೈರಾಸಿನ ಹಾಗೆ. ಬೈರಾಸಿನಲ್ಲಿ ಉಪ್ಪುನೀರು ಸೋಸಿದರೆ ಉಪ್ಪು ಮೇಲೆ ನಿಲ್ಲುತ್ತದಾ? ನೀರಿನ ಜೊತೆ ಇಳಿದೇ ಹೋಗುತ್ತದೆ. ಪೊರೆ ಹಾಗಲ್ಲ. ಅದು ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಒಳಗಿನ ನೀರು ಹೊರಗೆ ಹೋಗಿ ಪೊರೆ ಹಿಂದೆ ಸರಿದ ಹಾಗೆ ಆ ಜಾಗಕ್ಕೆ ಹೊರಗಿನ ಉಪ್ಪುನೀರು ಗೋಡೆ ದಾಟಿ ಬರುತ್ತದೆ.

ಎ, ಅಂದರೆ ಗಾಳಿ. ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಖಾಲಿ ಕಾಣುತ್ತದೆ, ಅದಕ್ಕೇ ಜಾಸ್ತಿ ಮಕ್ಕಳು ಇಲ್ಲಿ ಬೀಳುವುದು. ಆದರೆ ಇಡೀ ಎಲೆಸಿಪ್ಪೆ ದ್ರವದಲ್ಲಿ ಮುಳುಗಿದೆ, ಗಾಳಿ ಎಲ್ಲಿಂದ ಬರಬೇಕು? ಮೈಕ್ರೋಸ್ಕೋಪಿನಲ್ಲಿ ಗಾಳಿಗುಳ್ಳೆಗೆ ದಪ್ಪ ಕಪ್ಪು ಅಂಚು ಇರುತ್ತದೆ. ಈ ಜಾಗಕ್ಕೆ ಅದು ಇಲ್ಲ.

ಬಿ ಸ್ವಲ್ಪ ಯೋಚಿಸಬೇಕಾದದ್ದು. ಹೊರಗೆ ಬಂದದ್ದು ನೀರೇ ಅಲ್ವಾ, ಹಾಗಾದರೆ ಅಲ್ಲಿರುವುದೂ ನೀರೇ ಅಂತ ಹುಡುಗರು ವಾದ ಮಾಡುತ್ತಾರೆ. ಒಳ್ಳೆಯ ವಾದ. ಆದರೆ ಒಂದು ಕ್ಷಣ ಅಲ್ಲಿ ಬರೀ ಶುದ್ಧ ನೀರು ಇದೆ ಅಂತಲೇ ಇಟ್ಟುಕೊಳ್ಳಿ. ಪೊರೆಯ ಒಳಗೆ ಸಕ್ಕರೆ, ಲವಣ ಎಲ್ಲ ಇವೆ. ಆಗ ಆ ನೀರು ವಾಪಸ್ ಒಳಗೇ ಹೋಗಿ ಕೋಶ ಉಬ್ಬಬೇಕಿತ್ತು. ಕುಗ್ಗಿಯೇ ಇದೆ ಅಂದರೆ ಹೊರಗಿನದ್ದು ಶುದ್ಧ ನೀರಲ್ಲ. ಮಗಳು ಈ ವಾದವನ್ನು ತನ್ನದೇ ಮಾತಿನಲ್ಲಿ ಬರೆದರೆ ಸಾಕು.

ಡಿಗೆ ಕಣ್ಣಿಗೇ ಕಾಣುವ ಸಾಕ್ಷಿ ಇದೆ. ಮೇಲೆ ಹಸಿರು, ಕೆಳಗೆ ನೇರಳೆ ಇರುವ ರಿಯೋ ಗಿಡ ಅಂಗಳದಲ್ಲಿ ಇದ್ದರೆ ಕೆಳಗಿನ ಸಿಪ್ಪೆ ತೆಳ್ಳಗೆ ಎಳೆದು, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ಕವರ್ ಗ್ಲಾಸ್ ಮುಚ್ಚಿ ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಲಿ. ಕೋಶದ ತುಂಬ ನೇರಳೆ. ಆ ಬಣ್ಣ ಇರುವುದು ಒಳಗಿನ ರಸದಾನಿಯಲ್ಲಿ. ಆಮೇಲೆ 5 ಗ್ರಾಂ ಉಪ್ಪನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿ ಮಾಡಿ, ಒಂದು ಹನಿಯನ್ನು ಗ್ಲಾಸಿನ ಒಂದು ಅಂಚಿಗೆ ಬಿಟ್ಟು, ಇನ್ನೊಂದು ಅಂಚಿಗೆ ಬ್ಲಾಟಿಂಗ್ ಪೇಪರ್ ಮುಟ್ಟಿಸಬೇಕು. ಕೆಲವು ನಿಮಿಷದಲ್ಲಿ ನೇರಳೆ ಒಂದು ಮೂಲೆಗೋ ನಡುವಿಗೋ ಸೇರಿ ಗಾಢವಾಗುತ್ತದೆ, ಗೋಡೆ ಮಾತ್ರ ಹಾಗೇ ನಿಂತಿರುತ್ತದೆ. ಗೋಡೆಗೂ ಪೊರೆಗೂ ನಡುವಿನ ಜಾಗಕ್ಕೆ ಬಣ್ಣವೇ ಇಲ್ಲ! ಕೋಶದ ರಸ ಸೋರಿದ್ದರೆ ಅದೂ ನೇರಳೆ ಆಗಬೇಕಿತ್ತು.

ಪ್ರಶ್ನೆಯಲ್ಲಿ "ಜೀವಂತ" ಅಂತ ಇದೆ ನೋಡಿ, ಅದು ಸುಮ್ನೆ ಹಾಕಿದ್ದಲ್ಲ. ಅದೇ ಸಿಪ್ಪೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಪೊರೆ ಹಾಳಾಗಿ ನೇರಳೆ ಎಲ್ಲ ಕಡೆ ಹರಡುತ್ತದೆ. ಅಂಥ ಸತ್ತ ಕೋಶವನ್ನು ಉಪ್ಪುನೀರಿಗೆ ಹಾಕಿದರೂ ಪೊರೆ ಕುಗ್ಗುವ ಈ ಆಟ ಕಾಣುವುದಿಲ್ಲ. ಸಿಪ್ಪೆ ಎಳೆಯುವಾಗ ಹರಿದ ಕೋಶಗಳಲ್ಲೂ ಕಾಣುವುದಿಲ್ಲ, ಆದ್ದರಿಂದ ಅಂಚು ಬಿಟ್ಟು ನಡುವಿನವನ್ನು ನೋಡಲು ಹೇಳಿ. ಕುಗ್ಗಿದ ಕೂಡಲೇ ಉಪ್ಪುನೀರು ಹೀರಿ ತೆಗೆದು ಸಾದಾ ನೀರು ಕೊಟ್ಟರೆ ಜೀವ ಇರುವ ಕೋಶ ಮತ್ತೆ ತುಂಬಿಕೊಳ್ಳುತ್ತದೆ. ತುಂಬ ಹೊತ್ತು ಉಪ್ಪಿನಲ್ಲೇ ಬಿಟ್ಟರೆ ಸಾಯುತ್ತದೆ.

ಮನೆಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ ಇದೆ, ಅದರಲ್ಲೇ ನೋಡಬಹುದಾ ಅಂತ ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಕೇಳಿದ್ದ. ಆಗುವುದಿಲ್ಲ. ತಿಂಗಳುಗಟ್ಟಲೆ ಉಪ್ಪಿನಲ್ಲಿದ್ದ ಸೊಳೆಯ ಕೋಶಗಳು ಸತ್ತಿರುತ್ತವೆ. ನೀರಿನಲ್ಲಿ ನೆನೆಹಾಕಿದಾಗ ಉಪ್ಪು ಬಿಡುವುದೂ ಅದಕ್ಕೇ, ತಡೆಯಲು ಸರಿಯಾದ ಪೊರೆ ಉಳಿದಿರುವುದಿಲ್ಲ.