ಲಾಕ್ ಸೀಮ್‌ಗೆ ಎಷ್ಟು ತಗಡು ಬಿಡಬೇಕು?

“0.4 ಮಿ.ಮೀ. ಜಿಐ ತಗಡಿನ ಡಬ್ಬಿಗೆ 6 ಮಿ.ಮೀ. ಲಾಕ್ ಸೀಮ್ ಹಾಕಿದೆ. ಎರಡೂ ಅಂಚಿಗೆ 6 ಬಿಟ್ಟಿದ್ದೆ. ಸುತ್ತಳತೆ ಕಮ್ಮಿ ಬಂತು, ಸೀಮೂ ಜಾರುತ್ತೆ. ಯಾಕೆ?”

ಲಾಕ್ ಸೀಮ್‌ನಲ್ಲಿ ಎರಡೂ ಅಂಚು ಮಡಿಚಿ ಒಂದಕ್ಕೊಂದು ಕೊಕ್ಕೆ ಹಾಕ್ತೀವಿ, ಅದಕ್ಕೆ ಸೀಮ್ ಅಗಲದ ಮೂರು ಪಟ್ಟು ತಗಡು ಬೇಕು, ಅಂದರೆ 18. ನೀವು ಬಿಟ್ಟಿದ್ದು 12 ಅಲ್ವಾ? ಡಬ್ಬಿಯ ಸುತ್ತಳತೆ 320 ಬೇಕಿದ್ದರೆ 338 ಕತ್ತರಿಸಿ. ದಪ್ಪವೂ ಸ್ವಲ್ಪ ತಿನ್ನುತ್ತೆ, ಮೊದಲು ಚೂರುಗಳಲ್ಲಿ ಮಾಡಿ ನೋಡಿ.

ಜಾರುವುದಕ್ಕೆ ಬೇರೆ ಕಾರಣ ಇರಬೇಕು. ಅಂಚನ್ನು ಪೂರ್ತಿ ಚಪ್ಪಟೆಯಾಗಿ ಬಡಿದರೆ ಕೊಕ್ಕೆಗೆ ಜಾಗವೇ ಇರಲ್ಲ. ಮಡಿಕೆಯೊಳಗೆ ಅದೇ ತಗಡಿನ ಚೂರು ಇಟ್ಟು ಮರದ ಸುತ್ತಿಗೆಯಿಂದ ಬಡಿಯಿರಿ. ಒಂದಂಚು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಕೊಕ್ಕೆ ಸೇರಿಸಿದ ಮೇಲೆ ಸುಮ್ನೆ ಸುತ್ತಿಗೆ ಬಡಿದರೆ ಸಾಲದು, ತುದಿಯಲ್ಲಿ ತೋಡು ಇರುವ ಉಳಿಯಂಥ ಗ್ರೂವರ್ ಸೀಮ್ ಮೇಲಿಟ್ಟು ಹೊಡೆಯಿರಿ. ಮೊದಲು ಎರಡು ತುದಿ, ಆಮೇಲೆ ನಡುವೆ. ಒಳಗೆ ಬೆರಳಾಡಿಸಿ. ಒಳಮೈ ಸಮವಾಗಿದ್ದು, ಸೀಮ್ ಹೊರಗೆ ಮಾತ್ರ ಉಬ್ಬಿದ್ದರೆ ಲಾಕ್ ಕೂತಿದೆ.