ಎಐಎಫ್‌ಗೆ ಕಟ್ಟಿದ ದುಡ್ಡು ವಾಪಸ್ ಸಿಗುತ್ತಾ?

"ಒಂದು ಕೋಟಿಗೆ ಒಪ್ಪಿದ್ದೆ, 40 ಲಕ್ಷ ಕಟ್ಟಿದ್ದೇನೆ. ಈಗ ಇನ್ನೂ 15 ಲಕ್ಷ ಕೇಳ್ತಿದ್ದಾರೆ. ಕಟ್ಟದೆ, ಹಾಕಿದ್ದನ್ನ ವಾಪಸ್ ತಗೋಬಹುದಾ?"

ಎಐಎಫ್ ಅಂದರೆ ಹಲವರ ದುಡ್ಡು ಒಟ್ಟು ಮಾಡಿ ಹೂಡುವ ಖಾಸಗಿ ಫಂಡ್. ನಿಮಗೆ ಬಂದಿರುವುದು ಡ್ರಾಡೌನ್ ನೋಟಿಸ್, ಅಂದರೆ ಒಪ್ಪಿದ ದುಡ್ಡಿನ ಮುಂದಿನ ಕಂತು ಕೇಳುವ ಪತ್ರ ಇರಬೇಕು. ನೀವು ಸಹಿ ಹಾಕಿದ್ದು ಪೂರ್ತಿ ಕೋಟಿಗೆ. ಹೂಡಲು ಕಂಪನಿ ಸಿಕ್ಕಂತೆಲ್ಲ ಕಂತಿನಲ್ಲಿ ಕೇಳುತ್ತಾರೆ. ನಿಮ್ಮ 40 ಲಕ್ಷ ಈಗ ಲಿಸ್ಟ್ ಆಗದ ಕಂಪನಿಗಳ ಷೇರಾಗಿ ಕೂತಿರುತ್ತದೆ (ಸ್ವಲ್ಪ ಫೀಸಿಗೂ ಹೋಗಿರುತ್ತದೆ). ಅವು ಮಾರಾಟವಾಗುವ ತನಕ ವಾಪಸ್ ಕೊಡಲು ಫಂಡ್ ಹತ್ತಿರ ದುಡ್ಡೇ ಇರುವುದಿಲ್ಲ.

ಮೊದಲು ನೋಟಿಸಿನ ಕೊನೇ ದಿನ ನೋಡಿ. ಆಮೇಲೆ ಅಗ್ರಿಮೆಂಟಿನಲ್ಲಿ 'ಡಿಫಾಲ್ಟ್' ಭಾಗ ಓದಿ. ತಡವಾದರೆ ಬಡ್ಡಿ, ಕಟ್ಟದೇ ಹೋದರೆ ಈಗಾಗಲೇ ಕಟ್ಟಿದ ದುಡ್ಡಿಗೆ ಫಂಡಿನಲ್ಲಿ ಸಿಕ್ಕ ಯೂನಿಟ್‌ಗಳಿಗೂ ಕತ್ತರಿ ಬೀಳಬಹುದು. ಎಷ್ಟು ಅನ್ನೋದು ಫಂಡಿನಿಂದ ಫಂಡಿಗೆ ಬೇರೆ.

ಹೊರಬರಲೇಬೇಕು ಅಂದರೆ ಈ 15 ಲಕ್ಷ ಕಟ್ಟಿ, ಮ್ಯಾನೇಜರ್ ಒಪ್ಪಿಗೆ ಪಡೆದು ಯೂನಿಟ್‌ಗಳನ್ನು ಬೇರೆಯವರಿಗೆ ಮಾರಿ. ಬಾಕಿ 45 ಲಕ್ಷದ ಹೊಣೆ ಕೊಳ್ಳುವವರದ್ದು, ಹಾಗಾಗಿ ಜಾಸ್ತಿ ಚೌಕಾಸಿ ಮಾಡುತ್ತಾರೆ.