ಘಾಟ್ ಹತ್ತುವಾಗ ಡೀಸೆಲ್ ಕಾರು ಎಳೆಯಲ್ಲ, ಆದರೂ ಲೈಟ್ ಹತ್ತಿಲ್ಲ

ಪ್ರಶ್ನೆ: ನನ್ನ ಡೀಸೆಲ್ ಕಾರು ಹೈವೇಲಿ ಚೆನ್ನಾಗಿ ಓಡುತ್ತೆ, ಶಿರಾಡಿ ಘಾಟ್ ಹತ್ತುವಾಗ ಮಾತ್ರ ಎಳೆಯಲ್ಲ. ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬ್ಲಾಕ್ ಅಂತಾರೆ. ಹಾಗಿದ್ರೆ ವಾರ್ನಿಂಗ್ ಲೈಟ್ ಬರಬೇಕಿತ್ತಲ್ವಾ?

ಬರಲೇಬೇಕು ಅಂತೇನಿಲ್ಲ. ನಮ್ಮ ಗ್ಯಾರೇಜ್ ಇರುವುದು ಸಕಲೇಶಪುರದಲ್ಲಿ. ಘಾಟ್ ಹತ್ತಿ ಸುಸ್ತಾದ ಗಾಡಿಗಳು ಬರುತ್ತಲೇ ಇರುತ್ತವೆ.

ಎಷ್ಟೋ ಕಾರುಗಳಲ್ಲಿ ಫಿಲ್ಟರ್ ಚಿತ್ರದ ಲೈಟ್ ಇರುತ್ತದೆ. ಆದರೆ ಅದು ಸಾಮಾನ್ಯವಾಗಿ ನೀರಿಗೆ ಸಂಬಂಧಿಸಿದ್ದು. ಫಿಲ್ಟರ್‌ನ ತಳದಲ್ಲಿ ನೀರು ಸೇರಿದಾಗ ಅಲ್ಲಿನ ಸೆನ್ಸರ್ ತಿಳಿಸುತ್ತದೆ, ಅಷ್ಟೇ. ಒಳಗಿನ ಪೇಪರ್ ಮಣ್ಣು, ತುಕ್ಕು ಹಿಡಿದು ಕಪ್ಪಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನು ಎಂಜಿನ್ ಲೈಟ್. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ನೋಡುವುದು ಫಿಲ್ಟರನ್ನಲ್ಲ, ಮುಂದೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕಾಮನ್ ರೈಲ್‌ನ ಪ್ರೆಶರನ್ನು. ಬೇಕಾದ ಪ್ರೆಶರ್‌ಗಿಂತ ತುಂಬಾ ಕಡಿಮೆಯಾಗಿ, ಸ್ವಲ್ಪ ಹೊತ್ತು ಹಾಗೇ ಇದ್ದರೆ ಮಾತ್ರ P0087 ಕೋಡ್ ದಾಖಲಾಗುತ್ತದೆ. ನೀವು ಹಿಂಜರಿಕೆ ಗೊತ್ತಾದ ಕೂಡಲೇ ಗೇರ್ ಇಳಿಸಿ ಕಾಲು ಸಡಿಲಿಸಿರುತ್ತೀರಿ, ಪ್ರೆಶರ್ ಮತ್ತೆ ಏರಿರುತ್ತದೆ. ಕೋಡ್ ದಾಖಲಾದರೂ ಕೆಲವು ಕಾರುಗಳಲ್ಲಿ ಮೊದಲು ಅದು "ಪೆಂಡಿಂಗ್" ಆಗಿಯೇ ಇರುತ್ತದೆ, ಲೈಟ್ ಹತ್ತುವುದಿಲ್ಲ.

ಏರಿನಲ್ಲೇ ಯಾಕೆ ಕಾಡುತ್ತದೆ? ಸಮತಟ್ಟಿನಲ್ಲಿ ಎಂಜಿನ್ ಸ್ವಲ್ಪವೇ ಡೀಸೆಲ್ ಕೇಳುತ್ತದೆ, ಅರ್ಧ ಮುಚ್ಚಿದ ಫಿಲ್ಟರ್ ಅಷ್ಟನ್ನು ಕೊಟ್ಟುಬಿಡುತ್ತದೆ. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಬೇಕಾದಷ್ಟು ದಾಟಿ ಬರುವುದಿಲ್ಲ.

ಒಮ್ಮೆ ಹೀಗೇ ಒಂದು ಕಾರು ಬಂದಿತ್ತು. ಸ್ಕ್ಯಾನರ್ ಹಾಕಿಕೊಂಡು ಏರಿಗೇ ಹೋದೆವು. ಐಡಲ್‌ನಲ್ಲಿ ಬೇಕಾದ ಪ್ರೆಶರ್, ಸಿಕ್ಕಿದ ಪ್ರೆಶರ್ ಎರಡೂ 280 ಬಾರ್ ಹತ್ತಿರ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಇಸಿಯು ಕೇಳಿದ್ದು 1400, ಬಂದದ್ದು ಸಾವಿರದ ಆಸುಪಾಸು. ಫಿಲ್ಟರ್ ಬದಲಿಸಿ ಅದೇ ಏರಿನಲ್ಲಿ ನೋಡಿದೆವು, ಎರಡೂ ಜೊತೆಯಾಗಿ ಏರಿದವು. ಹಳೆ ಫಿಲ್ಟರ್ ಬಿಚ್ಚಿದರೆ ಅಂಟಂಟಾದ ಕಪ್ಪು ಕೆಸರು. ನಿಮ್ಮ ಮೆಕ್ಯಾನಿಕ್‌ಗೂ ಇದೇ ಪರೀಕ್ಷೆ ಮಾಡಲು ಹೇಳಿ, ನಿಂತ ಗಾಡಿಯಲ್ಲಿ ನೋಡಿದರೆ ಏನೂ ಕಾಣಿಸುವುದಿಲ್ಲ.

ಹೊಗೆಯನ್ನೂ ಗಮನಿಸಿ. ಟರ್ಬೊ ಪೈಪ್ ಒಡೆದಿದ್ದರೆ ಗಾಳಿ ಸಾಲದೆ ಸಾಮಾನ್ಯವಾಗಿ ಕಪ್ಪು ಹೊಗೆ ಬರುತ್ತದೆ. ಫಿಲ್ಟರ್ ಕಟ್ಟಿದ್ದರೆ ಡೀಸೆಲ್ಲೇ ಕಡಿಮೆ, ಹೊಗೆ ಹೆಚ್ಚುವುದಿಲ್ಲ. ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಅದು ಕ್ಲಚ್ ಕತೆ, ಫಿಲ್ಟರ್ ಅಲ್ಲ.

ಬದಲಿಸುವಾಗ ಪ್ರೈಮರ್ ಬಲ್ಬ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಸಿ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬಾರದು. ಕಾಮನ್ ರೈಲ್‌ಗೆ ಪ್ರೆಶರ್ ಕೊಡುವ ಪಂಪಿಗೆ ಡೀಸೆಲ್ಲೇ ಎಣ್ಣೆ, ಒಣಗಿ ತಿರುಗಿದರೆ ಹಾಳಾಗುತ್ತದೆ. ಹೊಸ ಫಿಲ್ಟರ್ ಸ್ವಲ್ಪ ದಿನದಲ್ಲೇ ಮತ್ತೆ ಕಟ್ಟಿದರೆ ಇನ್ನೊಂದು ಫಿಲ್ಟರ್ ತರುವ ಮೊದಲು ಟ್ಯಾಂಕ್ ಇಳಿಸಿ ತೊಳೆಸಿ.